60 ಸೆಂಟಿಮೀಟರ್ ಪೆಟ್ಟಿಗೆ ಹತ್ತುತ್ತೇನೆ, ಆದರೆ ಮಂಡಿಚಿಪ್ಪಿನ ಕೆಳಗೆ ನೋವು

ಶಟಲ್_ಶಿವಮೊಗ್ಗ (ಸೋಮವಾರ, ರಾತ್ರಿ 9:40)

ವಯಸ್ಸು 39, ತೂಕ 78 ಕಿಲೋ. ಬ್ಯಾಂಕಿನಲ್ಲಿ ಕೆಲಸ, ಹಾಗಾಗಿ ಹಗಲೆಲ್ಲ ಕುರ್ಚಿಯೇ ಗತಿ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಶಟಲ್ ಆಡುತ್ತೇನೆ, ಡಬಲ್ಸ್ ಮಾತ್ರ. ಸ್ಮ್ಯಾಷ್ ಹೊಡೆಯುವಾಗ ನನ್ನ ಕಾಲು ನೆಲ ಬಿಡುವುದೇ ಇಲ್ಲ ಎಂದು ಜೊತೆಯವರು ಗೇಲಿ ಮಾಡಿದ್ದಕ್ಕೆ ಎರಡು ತಿಂಗಳ ಹಿಂದೆ ಜಿಮ್ ಸೇರಿದೆ. ಅಲ್ಲಿನ ತರಬೇತುದಾರರು ಬಾಕ್ಸ್ ಜಂಪ್ ಹಚ್ಚಿದರು. ಮೊದಲ ವಾರ 50 ಸೆಂ.ಮೀ. ಮರದ ಪೆಟ್ಟಿಗೆ, ಎರಡನೆಯ ವಾರದಿಂದ 60. ಹತ್ತರಂತೆ ಐದು ಸುತ್ತು, ವಾರಕ್ಕೆ ಮೂರು ದಿನ.

ಪೆಟ್ಟಿಗೆ ಹತ್ತಲು ತೊಂದರೆಯಿಲ್ಲ, ಒಂದು ಸಲವೂ ಜಾರಿಲ್ಲ. ಆದರೆ ಮೂರನೆಯ ವಾರದಿಂದ ಎಡ ಮಂಡಿಚಿಪ್ಪಿನ ಕೆಳತುದಿಯಲ್ಲಿ ನೋವು. ಒಂದು ಬೆರಳಿಟ್ಟು ತೋರಿಸಬಹುದು, ಅಷ್ಟು ಖಚಿತವಾದ ಜಾಗ. ಆಟ ಶುರುವಾದ ಮೇಲೆ ಮರೆಯಾಗುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮತ್ತೆ ಹಾಜರಾಗುತ್ತದೆ. ಪೆಟ್ಟಿಗೆಯ ಎತ್ತರ ಕಡಿಮೆ ಮಾಡಬೇಕೇ? ಮಾಡಿದರೆ ಎಷ್ಟಕ್ಕೆ?

ಕಬ್ಬಿಣದ_ಕಡಲೆ (ಸೋಮವಾರ, ರಾತ್ರಿ 10:05)

ಎತ್ತರದ ತಪ್ಪಲ್ಲ, ಇಳಿಯುವ ಕ್ರಮದ ತಪ್ಪು. ಎರಡು ನಿಯಮ ನೆನಪಿಡಿ. ಬರೀ ಕಾಲ್ಬೆರಳುಗಳ ಮೇಲೆ ಇಳಿಯಬೇಕು, ಹಿಮ್ಮಡಿ ತಾಗಲೇಬಾರದು. ಮಂಡಿ ಕಾಲ್ಬೆರಳನ್ನು ದಾಟಬಾರದು. ಇದಕ್ಕೂ ಮೊದಲು, ದೇಹದ ತೂಕದ ಒಂದೂವರೆಪಟ್ಟು ಭಾರ ಹೊತ್ತು ಸ್ಕ್ವಾಟ್ ಮಾಡಲು ಬರಬೇಕು. ನಿಮ್ಮ ಲೆಕ್ಕಕ್ಕೆ 117 ಕಿಲೋ. ಅದು ಆಗದವರು ಜಿಗಿತಕ್ಕೆ ಕೈಹಾಕಬಾರದು. ನಾನು ಎಂಟು ವರ್ಷದಿಂದ ಭಾರ ಎತ್ತುತ್ತಿದ್ದೇನೆ, ಮಂಡಿ ಕಲ್ಲುಗುಂಡಿನಂತಿದೆ.

ಶಟಲ್_ಶಿವಮೊಗ್ಗ (ಸೋಮವಾರ, ರಾತ್ರಿ 10:12)

117 ಕಿಲೋ ಹೊತ್ತರೆ ನಾನು ಪೆಟ್ಟಿಗೆ ಹತ್ತುವುದಿಲ್ಲ, ಪೆಟ್ಟಿಗೆಯೊಳಗೆ ಮಲಗುತ್ತೇನೆ. ಸದ್ಯ 50 ಕಿಲೋ ಮಾಡುತ್ತಿದ್ದೇನೆ.

ಮೈಸೂರು_ಫಿಸಿಯೋ (ಮಂಗಳವಾರ, ಬೆಳಿಗ್ಗೆ 6:30)

ಹತ್ತುವುದನ್ನು ಚೆನ್ನಾಗಿ ವಿವರಿಸಿದ್ದೀರಿ. ಇಳಿಯುವುದು ಹೇಗೆ ಎಂದು ಒಂದಕ್ಷರ ಬರೆದಿಲ್ಲ. ಪೆಟ್ಟಿಗೆಯ ಮೇಲಿಂದ ನೆಲಕ್ಕೆ ಬರುವಾಗ ಒಂದೊಂದೇ ಕಾಲಿಟ್ಟು ಇಳಿಯುತ್ತೀರೋ, ಹಿಂದಕ್ಕೆ ಹಾರುತ್ತೀರೋ?

ಇನ್ನೆರಡು ಕೇಳಬೇಕು. ಪೆಟ್ಟಿಗೆಯ ಮೇಲೆ ಪಾದ ಊರಿದ ಕ್ಷಣದಲ್ಲಿ ನಿಮ್ಮ ತೊಡೆ ಎಲ್ಲಿರುತ್ತದೆ? ಮೊಬೈಲನ್ನು ಪಕ್ಕದಲ್ಲಿ ಮಂಡಿಯ ಮಟ್ಟಕ್ಕೆ ಇಟ್ಟು ಒಂದು ವಿಡಿಯೊ ತೆಗೆದು ನೋಡಿ. ಹಾಗೆಯೇ ಗೋಡೆಯ ಪಕ್ಕ ನಿಂತು, ಬೆರಳಿಗೆ ಸೀಮೆಸುಣ್ಣ ಹಚ್ಚಿ, ನಿಂತಲ್ಲೇ ಕೈ ಎಟುಕುವ ಎತ್ತರಕ್ಕೆ ಒಂದು ಗುರುತು, ಹಾರಿದಾಗ ಎಟುಕುವ ಎತ್ತರಕ್ಕೆ ಇನ್ನೊಂದು ಗುರುತು ಮಾಡಿ. ನಡುವಿನ ಅಂತರ ಎಷ್ಟು?

ಮಂಡಿ ಊದಿಕೊಂಡಿದೆಯೇ, ಸಿಕ್ಕಿಕೊಳ್ಳುತ್ತದೆಯೇ, ಕೈಕೊಟ್ಟು ಕುಸಿದಂತಾಗುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಇಲ್ಲಿ ಬರೆಯುವುದನ್ನು ಬಿಟ್ಟು ಮೂಳೆ ವೈದ್ಯರ ಬಳಿ ಹೋಗಿ.

ಹಳೇ_ಸ್ಪೈಕರ್ (ಮಂಗಳವಾರ, ಬೆಳಿಗ್ಗೆ 7:15)

ಇಷ್ಟೆಲ್ಲ ಅಳತೆ ಏಕೆ ಸ್ವಾಮಿ? ಮಂಡ್ಯದ ಕಡೆ ನಮ್ಮ ಶಾಲೆಯಲ್ಲಿ ಎರಡಡಿ ಎತ್ತರದ ಚಪ್ಪಡಿಕಲ್ಲಿನ ಜಗಲಿ ಇತ್ತು. ವಾಲಿಬಾಲ್ ತಂಡದವರು ದಿನಾ ಸಂಜೆ ಅದರ ಮೇಲೆ ಹಾರಿ, ಕೆಳಗೆ ಹಾರಿ, ಮತ್ತೆ ಮೇಲೆ ಹಾರಿ ಬೆಳೆದವರು. ನನ್ನ ಬಲ ಕಣಕಾಲಿನ ಮೇಲೆ ಆ ಕಲ್ಲಿನ ಅಂಚು ಬರೆದ ಗೆರೆ ಇಂದಿಗೂ ಇದೆ, ನಾಲ್ಕು ಹೊಲಿಗೆ. ಮಂಡಿಗೆ ಏನೂ ಆಗಲಿಲ್ಲ. 57 ವರ್ಷ ನನಗೆ.

ಶಟಲ್_ಶಿವಮೊಗ್ಗ (ಮಂಗಳವಾರ, ರಾತ್ರಿ 8:50)

ಮೇಡಂ, ಊತವಿಲ್ಲ, ಸಿಕ್ಕಿಕೊಳ್ಳುವುದಿಲ್ಲ, ಕುಸಿಯುವುದೂ ಇಲ್ಲ.

ಹಿಂದಕ್ಕೆ ಹಾರಿಯೇ ಇಳಿಯುತ್ತೇನೆ. ಒಂದೊಂದೇ ಕಾಲಿಟ್ಟು ಇಳಿದರೆ ಸಮಯ ಹಾಳು, ಉಸಿರೂ ಏರುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಗೋಡೆಯ ಗುರುತು: ನಿಂತಾಗ 218 ಸೆಂ.ಮೀ., ಹಾರಿದಾಗ 251. ಅಂದರೆ ಬರೀ 33. ಮೂರು ಸಲ ನೋಡಿದೆ, ಅದಕ್ಕಿಂತ ಮೇಲೆ ಸುಣ್ಣ ಹತ್ತಲಿಲ್ಲ. ವಿಡಿಯೊ ನೋಡಿ ನಾಚಿಕೆಯಾಯಿತು. ಪೆಟ್ಟಿಗೆಯ ಮೇಲೆ ನಾನು ಇಳಿಯುತ್ತಿಲ್ಲ, ಕುಕ್ಕರಗಾಲಲ್ಲಿ ಕೂರುತ್ತಿದ್ದೇನೆ. ಮಂಡಿ ಎದೆಗೆ ಬಂದಿದೆ, ಬೆನ್ನು ಗೂನಾಗಿದೆ, ಆಮೇಲೆ ನಿಧಾನಕ್ಕೆ ಏಳುತ್ತೇನೆ. 33 ಹಾರುವವನು 60ರ ಪೆಟ್ಟಿಗೆ ಹತ್ತುತ್ತಿರುವುದು ಹೇಗೆ ಎಂಬುದೇ ಈಗ ನನ್ನ ಪ್ರಶ್ನೆ.

ಲೆಕ್ಕದ_ಮೇಷ್ಟ್ರು (ಮಂಗಳವಾರ, ರಾತ್ರಿ 9:30)

ಇದು ನನ್ನ ಜಾಗ, ಅಪ್ಪಣೆಯಾದರೆ ಉತ್ತರಿಸುತ್ತೇನೆ. ಕ್ರೀಡೆಯ ಗಂಧ ನನಗಿಲ್ಲ, ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳುತ್ತೇನೆ.

ನಿಮ್ಮ ಸೊಂಟ ನಿಂತ ಮಟ್ಟಕ್ಕಿಂತ 33 ಸೆಂ.ಮೀ. ಮೇಲೇರುತ್ತದೆ, ಅಷ್ಟೇ. ಪಾದ 60ರ ಮೇಲೆ ಹೋಗಬೇಕಲ್ಲ, ಉಳಿದ 27 ಸೆಂ.ಮೀ. ಕಾಲು ಮಡಚಿ ಗಳಿಸಿದ್ದು. ಹಾಗಾಗಿ ಪಾದ ಪೆಟ್ಟಿಗೆಗೆ ತಾಗುವ ಹೊತ್ತಿಗೇ ನೀವು 27 ಸೆಂ.ಮೀ. ಕುಗ್ಗಿ ಕುಳಿತಾಗಿದೆ. ಪೆಟ್ಟು ಹೀರಿಕೊಳ್ಳಲು ಇನ್ನಷ್ಟು ತಗ್ಗಬೇಕೆಂದರೆ ಜಾಗವೇ ಉಳಿದಿಲ್ಲ. ಎತ್ತರದ ಪೆಟ್ಟಿಗೆ ಅಳೆಯುತ್ತಿರುವುದು ನಿಮ್ಮ ನೆಗೆತವನ್ನಲ್ಲ, ಮಡಚುವ ಕೌಶಲವನ್ನು.

ಈಗ ಇಳಿಯುವ ಲೆಕ್ಕ. ಎತ್ತರದಿಂದ ಬಿದ್ದವನು ಮಂಡಿ, ಸೊಂಟ ಬಗ್ಗಿಸಿ ಎಷ್ಟು ದೂರದಲ್ಲಿ ನಿಲ್ಲುತ್ತಾನೆ ಎಂಬುದರ ಮೇಲೆ ಬಲ ನಿಂತಿದೆ. ಬಿದ್ದ ಎತ್ತರವನ್ನು ತಗ್ಗಿದ ದೂರದಿಂದ ಭಾಗಿಸಿ ಒಂದು ಕೂಡಿಸಿ, ಸರಾಸರಿ ಬಲ ದೇಹತೂಕದ ಎಷ್ಟುಪಟ್ಟು ಎಂಬುದು ಬರುತ್ತದೆ. 60 ಸೆಂ.ಮೀ. ಮೇಲಿಂದ ಹಾರಿ 30 ಸೆಂ.ಮೀ. ತಗ್ಗಿ ನಿಂತರೆ ಮೂರುಪಟ್ಟು, ನಿಮಗೆ 234 ಕಿಲೋ ಭಾರ ಹೊತ್ತಂತೆ. ಸುಸ್ತಾಗಿ ಕಾಲು ಸೆಟೆಸಿಕೊಂಡು 15 ಸೆಂ.ಮೀ.ನಲ್ಲೇ ನಿಂತರೆ ಐದುಪಟ್ಟು, 390 ಕಿಲೋ. ಸರಾಸರಿ ಎಂಬುದನ್ನು ಮರೆಯಬೇಡಿ, ನೆಲ ತಾಗಿದ ಆರಂಭದ ಕ್ಷಣದಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ.

ಅದೇ 30 ಸೆಂ.ಮೀ. ಪೆಟ್ಟಿಗೆಯ ಮೇಲೆ ಹಾರಿದರೆ? 33 ಏರುತ್ತೀರಿ, 30ರಲ್ಲಿ ನೆಲ ಕಾದಿದೆ. ಬೀಳುವುದು ಮೂರೇ ಸೆಂ.ಮೀ.

ಮೈಸೂರು_ಫಿಸಿಯೋ (ಮಂಗಳವಾರ, ರಾತ್ರಿ 10:20)

ಮೇಷ್ಟ್ರೇ, ನಾನು ನಾಲ್ಕು ಪ್ಯಾರಾ ಬರೆಯುವುದನ್ನು ಉಳಿಸಿದಿರಿ.

ಶಟಲ್ ಅವರೇ, ನಿಮ್ಮ ಲೆಕ್ಕ ಹೀಗಿದೆ. ದಿನಕ್ಕೆ 50 ಸಲ ಮೇಲೆ, 50 ಸಲ ಕೆಳಗೆ, ಒಟ್ಟು 100 ಇಳಿತ. ವಾರಕ್ಕೆ 300. ಅದರ ಮೇಲೆ ಮೂರು ದಿನದ ಶಟಲ್. ಎರಡು ತಿಂಗಳ ಹಿಂದೆ ಈ 300ರಲ್ಲಿ ಒಂದೂ ಇರಲಿಲ್ಲ. ಪುಸ್ತಕಗಳು ಹೊಸಬರಿಗೆ ದಿನಕ್ಕೆ 80ರಿಂದ 100 ಸಲ ಪಾದ ತಾಗಬಹುದು ಎನ್ನುತ್ತವೆ. ಆದರೆ ಅವು ಕ್ರೀಡೆಯನ್ನೇ ಬದುಕಾಗಿಸಿಕೊಂಡ ಯುವಕರನ್ನು ಮನಸ್ಸಿನಲ್ಲಿಟ್ಟು ಬರೆದವು, ಅದೂ ಹಗುರವಾದ ನೆಗೆತಗಳನ್ನೂ ಸೇರಿಸಿ ಎಣಿಸಿದ್ದು. 39ರ ಬ್ಯಾಂಕ್ ನೌಕರರಿಗೆ ನಾನು 20ರಿಂದ ಶುರು ಮಾಡಿಸುತ್ತೇನೆ.

ನೀವು ವರ್ಣಿಸಿದ ನೋವು ಮಂಡಿಚಿಪ್ಪನ್ನು ಕಣಕಾಲಿನ ಎಲುಬಿಗೆ ಬಿಗಿದ ಸ್ನಾಯುರಜ್ಜುವಿನದ್ದು ಇರಬಹುದು. ಒಂದು ಬೆರಳಿನಲ್ಲಿ ತೋರಿಸಬಲ್ಲ ಜಾಗ, ಬಿಸಿಯಾದ ಮೇಲೆ ಮಾಯ, ಮರುದಿನ ಮೆಟ್ಟಿಲಲ್ಲಿ ಹಾಜರು, ಇವು ಅದರ ಚಾಳಿ. ಕೈಯಿಟ್ಟು ನೋಡದೆ ಖಚಿತವಾಗಿ ಹೇಳಲಾರೆ. ಈ ರಜ್ಜು ದೊಡ್ಡ ಭಾರವನ್ನು ಸಹಿಸುತ್ತದೆ, ಹಠಾತ್ತಾಗಿ ಏರಿದ ಲೆಕ್ಕವನ್ನು ಸಹಿಸುವುದಿಲ್ಲ. ಸ್ನಾಯುವಿಗಿಂತ ನಿಧಾನಕ್ಕೆ ಪಳಗುತ್ತದೆ.

ಕಡಲೆ ಅವರೇ, ಮೊದಲು ಶಕ್ತಿ ಬೇಕು ಎಂದಿರಿ, ಆ ಮಾತು ಸರಿ. ಒಂದೂವರೆಪಟ್ಟಿನ ನಿಯಮ ಮಾತ್ರ ಎತ್ತರದಿಂದ ಧುಮುಕಿ ಕೂಡಲೇ ಪುಟಿಯುವ ಕಠಿಣ ವ್ಯಾಯಾಮಕ್ಕೆ ಇಟ್ಟದ್ದು, ಅದನ್ನೂ ಈಗ ಬಹಳ ಮಂದಿ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. 30ರ ಪೆಟ್ಟಿಗೆಗೆ ಅದು ಬೇಡ. ನಾನು ನೋಡುವುದು ಬೇರೆ. ಮೆಟ್ಟಿಲಿನ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಕೆಳಗಿನ ಮೆಟ್ಟಿಲಿಗೆ ಮೂರು ಸೆಕೆಂಡಿನಲ್ಲಿ ತಾಗಿಸಿ ಮೇಲೆ ಬರಬೇಕು, ಐದು ಸಲ, ಮಂಡಿ ಒಳಕ್ಕೆ ವಾಲದೆ. ಅದಾದರೆ ಜಿಗಿಯಲಿ.

ಇನ್ನು ಕಾಲ್ಬೆರಳ ಮೇಲಷ್ಟೇ ಇಳಿಯುವ ಮಾತು. ಪಾದದ ಮುಂಭಾಗ ಮೊದಲು ತಾಗಬೇಕು, ನಿಜ. ಆದರೆ ಹಿಮ್ಮಡಿ ಅದರ ಹಿಂದೆಯೇ ಸದ್ದಿಲ್ಲದೆ ಕೂರಬೇಕು. ಅದನ್ನು ಗಾಳಿಯಲ್ಲೇ ಹಿಡಿದರೆ ಭಾರವೆಲ್ಲ ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ಬೀಳುತ್ತದೆ, ಮೈ ಮುಂದಕ್ಕೆ ತೂಗುತ್ತದೆ. ಮಂಡಿ ಕಾಲ್ಬೆರಳನ್ನು ಸ್ವಲ್ಪ ದಾಟಿದರೂ ಅಪರಾಧವಲ್ಲ. ಮಂಡಿಯೊಂದೇ ಮುಂದೆ ಹೋಗಿ ಸೊಂಟ ಹಿಂದಕ್ಕೆ ಬರದಿದ್ದರೆ, ಮುಂಡ ಕೋಲಿನಂತೆ ನೆಟ್ಟಗಿದ್ದರೆ, ಆಗ ಮಂಡಿಯೇ ಎಲ್ಲವನ್ನೂ ಹೊರಬೇಕಾಗುತ್ತದೆ.

ಕಬ್ಬಿಣದ_ಕಡಲೆ (ಮಂಗಳವಾರ, ರಾತ್ರಿ 10:41)

ಹಿಮ್ಮಡಿಯ ಮಾತು ಒಪ್ಪಿದೆ. ಮಂಡಿಯ ಮಾತು ಒಪ್ಪುವುದಿಲ್ಲ. ನನ್ನ ಗುರುಗಳು ಇಪ್ಪತ್ತು ವರ್ಷ ಹಾಗೆಯೇ ಕಲಿಸಿದ್ದಾರೆ.

ಮೈಸೂರು_ಫಿಸಿಯೋ (ಮಂಗಳವಾರ, ರಾತ್ರಿ 10:48)

ನೀವು ಮೆಟ್ಟಿಲಿಳಿಯುವಾಗ ಮಂಡಿ ಎಲ್ಲಿರುತ್ತದೆ ಎಂದು ಒಮ್ಮೆ ಬಗ್ಗಿ ನೋಡಿ.

ರಾಗಿಮುದ್ದೆ (ಬುಧವಾರ, ಬೆಳಿಗ್ಗೆ 11:10)

ನಮಸ್ಕಾರ. ನನ್ನ ಮಗಳಿಗೆ 13 ವರ್ಷ, ತರಗತಿಯಲ್ಲಿ ಅವಳೇ ಕುಳ್ಳಿ. ಇಲ್ಲಿ ಎತ್ತರದ ಬಗ್ಗೆ ಇಷ್ಟು ಚೆನ್ನಾಗಿ ಚರ್ಚೆಯಾಗುತ್ತಿದೆ. 30ರಿಂದ 60 ಸೆಂ.ಮೀ. ಎಂದರೆ ಎಷ್ಟು ತಿಂಗಳಲ್ಲಿ? ಶಾಲೆಯಲ್ಲಿ ಥ್ರೋಬಾಲ್ ಆಡುತ್ತಾಳೆ.

ಹಳೇ_ಸ್ಪೈಕರ್ (ಬುಧವಾರ, ಬೆಳಿಗ್ಗೆ 11:32)

ತಾಯಿ, ಅದು ಪೆಟ್ಟಿಗೆಯ ಎತ್ತರ. ಮಗುವಿನದ್ದಲ್ಲ.

ಮೈಸೂರು_ಫಿಸಿಯೋ (ಬುಧವಾರ, ಮಧ್ಯಾಹ್ನ 1:50)

ರಾಗಿಮುದ್ದೆ ಅವರೇ, ನೆಗೆತದಿಂದ ಯಾರೂ ಉದ್ದವಾಗುವುದಿಲ್ಲ. ಆದರೆ ಥ್ರೋಬಾಲ್ ಆಡುತ್ತಾಳೆ ಎಂದಿರಿ, ಹಾಗಾಗಿ ಒಂದು ಮಾತು. ಈ ವಯಸ್ಸಿನಿಂದ ಮುಂದೆ, ನೆಗೆದು ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆಟಕ್ಕೆ ಮುಂಚೆ ಹತ್ತು ಹದಿನೈದು ನಿಮಿಷ ಸರಿಯಾಗಿ ಇಳಿಯುವ ಅಭ್ಯಾಸ ಮಾಡಿಸಿದ ತಂಡಗಳಲ್ಲಿ ಈ ಪೆಟ್ಟು ಕಡಿಮೆಯಾಗಿದೆ. ಪೆಟ್ಟಿಗೆ ಬೇಕಿಲ್ಲ, ಕೆಳಗೆ ಶಟಲ್ ಅವರಿಗೆ ಹೇಳುವುದನ್ನೇ ಅವಳಿಗೂ ಹೇಳಿಕೊಡಬಹುದು.

ಶಟಲ್ ಅವರೇ, ಮೊದಲ ಎರಡು ವಾರ ಪೆಟ್ಟಿಗೆಯೇ ಬೇಡ. ಬರೀ ಇಳಿತ.

ನೆಟ್ಟಗೆ ನಿಂತು, ಕೈ ಮೇಲೆತ್ತಿ, ಹಿಮ್ಮಡಿ ತುಸು ಎತ್ತಿಕೊಳ್ಳಿ. ಒಮ್ಮೆಲೇ ಕೈ ಕೆಳಕ್ಕೆ ಬೀಸಿ, ಪೂರ್ತಿ ಬಸ್ಕಿಯ ಕಾಲುಭಾಗದಷ್ಟು ಮಾತ್ರ ಕುಸಿದು ಅಲ್ಲೇ ನಿಲ್ಲಿ. ಎರಡು ಸೆಕೆಂಡು ಗೊಂಬೆಯಂತೆ. ಪಾದ ಪೂರ್ತಿ ನೆಲದಲ್ಲಿ, ಸೊಂಟ ಹಿಂದೆ, ಎದೆ ಸ್ವಲ್ಪ ಮುಂದೆ, ಎರಡೂ ಮಂಡಿ ಎರಡನೆಯ ಕಾಲ್ಬೆರಳಿನ ನೇರಕ್ಕೆ. ಈ ಭಂಗಿಯನ್ನು ಮೈ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನೆಗೆಯುವಾಗ ನೀವು ಹೊರಡುವುದೂ ಇಲ್ಲಿಂದಲೇ. ನಾಲ್ಕರಂತೆ ಐದು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ. ಎರಡನೆಯ ವಾರ ಮನೆಯ ಮೆಟ್ಟಿಲಿನ ಕೊನೆಯ ಹಂತದಿಂದ, ಅದು 15 ಸೆಂ.ಮೀ. ಸುಮಾರು ಇರುತ್ತದೆ, ಮುಂದಕ್ಕೆ ಹೆಜ್ಜೆಯಿಟ್ಟು ಎರಡೂ ಕಾಲಲ್ಲಿ ಇಳಿದು ಅದೇ ಭಂಗಿಯಲ್ಲಿ ನಿಲ್ಲಿ.

ಕಿವಿ ತೆರೆದಿರಲಿ. ‘ಧಡ್’ ಎಂದರೆ ಸೆಟೆದು ಇಳಿದಿರಿ, ‘ತಪ್’ ಎಂದರೆ ಸರಿ. ಮಂಡಿ ಹೀಗಿರಲಿ, ಸೊಂಟ ಹಾಗಿರಲಿ ಎಂದು ಹತ್ತು ಸೂಚನೆ ಕೊಡುವುದಕ್ಕಿಂತ ‘ಸದ್ದು ಮಾಡಬೇಡಿ’ ಎಂದರೆ ಜನ ಬೇಗ ಕಲಿಯುತ್ತಾರೆ, ಇದು ನನ್ನ ಅನುಭವ.

ಮೂರನೆಯ ವಾರ 30ರ ಪೆಟ್ಟಿಗೆ. ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು, ದಿನಕ್ಕೆ 20 ನೆಗೆತ, ಪ್ರತಿ ಸಲವೂ ಒಂದೊಂದೇ ಕಾಲಿಟ್ಟು ಕೆಳಗೆ. ಒಂದು ದಿನ ಎಡಗಾಲು ಮೊದಲು, ಮುಂದಿನ ಸಲ ಬಲಗಾಲು. ಪೆಟ್ಟಿಗೆ ಏರಿಸುವ ಪರೀಕ್ಷೆಯೂ ಸರಳ: ಹೊರಟ ಭಂಗಿಯಲ್ಲೇ ಇಳಿದಿದ್ದೀರಾ? ಅದಕ್ಕಿಂತ ಆಳಕ್ಕೆ ಕುಸಿದಿದ್ದರೆ ಪೆಟ್ಟಿಗೆ ನಿಮಗೆ ಎತ್ತರವಾಯಿತು.

ಜೊತೆಗೆ ವಾರಕ್ಕೆರಡು ಸಲ ನಿಧಾನದ ಸ್ಕ್ವಾಟ್, ಮೂರು ಸೆಕೆಂಡು ಇಳಿದು ಮೂರು ಸೆಕೆಂಡು ಏಳುವುದು. ನೋವು ಹತ್ತರಲ್ಲಿ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮೊದಲಿಗಿಂತ ಜಾಸ್ತಿಯಾಗದಿದ್ದರೆ ಮುಂದುವರಿಸಿ. ಜಾಸ್ತಿಯಾದರೆ ಹಿಂದಿನ ದಿನದ್ದು ಹೆಚ್ಚಾಯಿತು ಎಂದರ್ಥ.

ಏಳರ_ಬ್ಯಾಚ್ (ಬುಧವಾರ, ರಾತ್ರಿ 8:15)

ಕ್ಷಮಿಸಿ, ಇಷ್ಟು ಜೋಪಾನ ಮಾಡಿದರೆ ಇದು ವ್ಯಾಯಾಮವೇ ಅಲ್ಲ. ನಾನು ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಗಡಿಯಾರ ಇಟ್ಟು ಮಾಡುವ ಗುಂಪು ವ್ಯಾಯಾಮಕ್ಕೆ ಹೋಗುತ್ತೇನೆ. ಹಾರಿ ಇಳಿದು, ನೆಲ ತಾಗಿದ ಕೂಡಲೇ ಮತ್ತೆ ಮೇಲೆ. ಆ ಪುಟಿತವೇ ಪ್ಲಯೋಮೆಟ್ರಿಕ್ಸ್ ಅಲ್ಲವೇ? ಒಂದೊಂದೇ ಕಾಲಿಟ್ಟು ಇಳಿದು, ನಿಂತು, ಉಸಿರೆಳೆದುಕೊಂಡು ಮತ್ತೆ ಹಾರಿದರೆ ಅದರಲ್ಲಿ ಪುಟಿತ ಎಲ್ಲಿದೆ?

ಮೈಸೂರು_ಫಿಸಿಯೋ (ಬುಧವಾರ, ರಾತ್ರಿ 9:40)

ನೀವು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಬೆಳೆಸಿದ ಪದ್ಧತಿಯ ತಿರುಳೇ ಅದು: ಎತ್ತರದಿಂದ ಇಳಿ, ನೆಲ ತಾಗಿದೊಡನೆ ಪುಟಿ. ಪ್ಲಯೋಮೆಟ್ರಿಕ್ಸ್ ಎಂಬ ಹೆಸರು ಬಂದದ್ದು ಆಮೇಲೆ, 1975ರಲ್ಲಿ, ಅಮೆರಿಕದ ಫ್ರೆಡ್ ವಿಲ್ಟ್ ಅವರಿಂದ. ಆ ಕಟ್ಟುನಿಟ್ಟಿನ ಅರ್ಥದಲ್ಲಿ ನೋಡಿದರೆ, ನಿಂತು ಹಾರುವ ಬಾಕ್ಸ್ ಜಂಪ್ ಪ್ಲಯೋಮೆಟ್ರಿಕ್ಸ್ ಹೌದೋ ಅಲ್ಲವೋ ಎಂದೇ ವಾದ ಮಾಡಬಹುದು.

ಆದರೆ ವೆರ್ಖೊಶಾನ್ಸ್ಕಿ ಅದನ್ನು ಕೊಟ್ಟದ್ದು ವರ್ಷಗಟ್ಟಲೆ ತಯಾರಾದ ಕ್ರೀಡಾಪಟುಗಳಿಗೆ, ಎಣಿಸಿ, ನಡುವೆ ಪೂರ್ತಿ ವಿಶ್ರಾಂತಿ ಕೊಟ್ಟು. ಗಡಿಯಾರದ ಎದುರು ಸುಸ್ತಾಗಿ ಮಾಡುವ ಐವತ್ತನೆಯ ಪುಟಿತಕ್ಕೂ ಅದಕ್ಕೂ ಹೆಸರು ಮಾತ್ರ ಒಂದೇ. ಹಿಮ್ಮಡಿಯ ರಜ್ಜು ಹರಿದುಕೊಂಡು ಬಂದವರು ಹೇಳುವ ಕಥೆಯಲ್ಲಿ ಪೆಟ್ಟಿಗೆಯ ಮೇಲೆ ಹಾರಿದ್ದು ಬರುವುದಿಲ್ಲ, ಹಿಂದಕ್ಕೆ ಇಳಿದು ಮರುಪುಟಿದ ಕ್ಷಣ ಬರುತ್ತದೆ. ಹಿಂದಿನಿಂದ ಯಾರೋ ಒದ್ದಂತಾಯಿತು ಎಂದು ತಿರುಗಿ ನೋಡಿದೆ ಎನ್ನುತ್ತಾರೆ.

ಏಳರ_ಬ್ಯಾಚ್ (ಬುಧವಾರ, ರಾತ್ರಿ 10:02)

ನಮ್ಮ ಬ್ಯಾಚಿನಲ್ಲಿ ಮೂವತ್ತು ಜನ ಇದ್ದೇವೆ. ಯಾರಿಗೂ ಹಾಗಾಗಿಲ್ಲ.

ಹಳೇ_ಸ್ಪೈಕರ್ (ಗುರುವಾರ, ಬೆಳಿಗ್ಗೆ 6:50)

ರಾತ್ರಿ ಮಲಗಿದ ಮೇಲೆ ಯೋಚಿಸಿದೆ. ಜಗಲಿ ಹಾರಿದ ಹನ್ನೆರಡು ಜನರಲ್ಲಿ ನಾನು ಮಾತನಾಡುತ್ತಿದ್ದೇನೆ, ಏಕೆಂದರೆ ನಾನು ಆಡುತ್ತಾ ಉಳಿದವನು. ಇಬ್ಬರು ಪಿ.ಯು.ಸಿ. ಹೊತ್ತಿಗೆ ಮಂಡಿನೋವೆಂದು ಆಟ ಬಿಟ್ಟರು. ನಾವು ಅವರನ್ನು ಸೋಮಾರಿಗಳು ಎಂದಿದ್ದೆವು. ಹಾಗಾಗಿ ಮೊನ್ನೆಯ ಮಾತು ಅರ್ಧ ವಾಪಸ್.

ಇನ್ನರ್ಧ ವಾಪಸ್ ಇಲ್ಲ. ನಮ್ಮ ಕೋಚ್ ಸ್ಪೈಕ್ ಹೊಡೆದ ಮೇಲೆ ‘ಎರಡು ಕಾಲು, ಎರಡು ಕಾಲು’ ಎಂದು ಅಂಕಣದ ಹೊರಗಿನಿಂದ ಕಿರುಚುತ್ತಿದ್ದರು. ಚೆಂಡು ಎಲ್ಲಿ ಬಿತ್ತು ಎಂದು ಅವರು ನೋಡುತ್ತಲೇ ಇರಲಿಲ್ಲ, ನಮ್ಮ ಪಾದ ನೋಡುತ್ತಿದ್ದರು. ಒಂಟಿಕಾಲಲ್ಲಿ ಇಳಿದರೆ ಪಾಯಿಂಟ್ ಬಂದಿದ್ದರೂ ಮೈದಾನಕ್ಕೆ ಎರಡು ಸುತ್ತು.

ಕಣಕಾಲು ತರಚಿಸಿಕೊಂಡ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದು ಆದದ್ದು ಎತ್ತರ ಸಾಲದೆ ಅಲ್ಲ. ಸಂಜೆಯ ಕೊನೆಯ ಸುತ್ತು, ಕಾಲು ಸೋತಿತ್ತು, ಹಾರಲೋ ಬೇಡವೋ ಎಂಬ ಅನುಮಾನದಲ್ಲೇ ಹಾರಿದೆ. ಅನುಮಾನ ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಕಲ್ಲಿನ ಅಂಚಿಗೂ ಮರದ ಅಂಚಿಗೂ ಕರುಣೆಯಿಲ್ಲ.

ಮೈಸೂರು_ಫಿಸಿಯೋ (ಗುರುವಾರ, ಬೆಳಿಗ್ಗೆ 7:30)

ನಿಮ್ಮ ಕೋಚ್ ಕಾಲಕ್ಕಿಂತ ಮುಂದಿದ್ದರು. ಶಟಲ್‌ಗೂ ಇದು ಅನ್ವಯಿಸುತ್ತದೆ, ಆದರೆ ಒಂದು ತೊಡಕಿದೆ. ಬಲಗೈ ಆಟಗಾರ ಹಿಂದಿನ ಎಡಮೂಲೆಗೆ ಓಡಿ, ತಲೆಯ ಮೇಲಿನ ಹೊಡೆತ ಹೊಡೆದು, ಎಡಗಾಲೊಂದರಲ್ಲೇ ಇಳಿಯುತ್ತಾನೆ. ಶಟಲ್‌ನಲ್ಲಿ ಎಸಿಎಲ್ ಹರಿಯುವ ಪ್ರಸಂಗಗಳಲ್ಲಿ ಇದು ಚಿರಪರಿಚಿತ. ಎರಡು ಕಾಲಲ್ಲಿ ಇಳಿ ಎಂದರೆ ಅಲ್ಲಿ ಆಗುವುದಿಲ್ಲ, ಆಟವೇ ಹಾಗಿದೆ. ಆದ್ದರಿಂದ ಎರಡು ಕಾಲಿನ ಬಾಕ್ಸ್ ಜಂಪ್ ಎಷ್ಟು ಚೆನ್ನಾಗಿ ಬಂದರೂ ಶಟಲ್ ಆಡುವವರಿಗೆ ಅದು ಅರ್ಧ ದಾರಿ. ಒಂಟಿಕಾಲಿನ ಇಳಿತವನ್ನು ಆಮೇಲೆ ಬೇರೆಯಾಗಿ ಕಲಿಯಬೇಕು.

ನಿಮ್ಮ ನೋವು ಯಾವ ಮಂಡಿಗೆ ಎಂದಿರಿ? ಎಡ. ಯಾವ ಕೈಯಲ್ಲಿ ಆಡುತ್ತೀರಿ?

ಶಟಲ್_ಶಿವಮೊಗ್ಗ (ಗುರುವಾರ, ಬೆಳಿಗ್ಗೆ 7:34)

ಬಲ.

ತಾರಸಿ_ತೋಟ (ಶುಕ್ರವಾರ, ಸಂಜೆ 5:20)

ನಾನು ಜಿಮ್‌ಗೆ ಹೋಗುವವಳಲ್ಲ. ಓದುತ್ತಾ ಆಸೆಯಾಗಿ ಇವತ್ತು ತಾರಸಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ನೋಡೋಣ ಎಂದುಕೊಂಡೆ. 45 ಸೆಂ.ಮೀ. ಇದೆ. ಪರವಾಗಿಲ್ಲವೇ?

ಕಬ್ಬಿಣದ_ಕಡಲೆ (ಶುಕ್ರವಾರ, ಸಂಜೆ 5:24)

ದಯವಿಟ್ಟು ಬೇಡ. ಪಾದ ಅಂಚಿಗೆ ತಾಗಿದರೆ ಸ್ಟೂಲ್ ಜಾರುತ್ತದೆ, ನೀವು ಮುಂದಕ್ಕೆ ಬೀಳುತ್ತೀರಿ. ಪೆಟ್ಟಿಗೆಯ ತಳ ಅಗಲವಿರಬೇಕು, ನೆಲಕ್ಕೆ ಕಚ್ಚಿಕೊಂಡಿರಬೇಕು, ಒದ್ದರೂ ಅಲುಗಬಾರದು. ಮನೆಯ ಮೆಟ್ಟಿಲಿನ ಕೊನೆಯ ಹಂತವೇ ಸಾಕು. ಕಾಲು ಒದ್ದೆಯಿರಬಾರದು, ತಾರಸಿಯ ಪಾಚಿ ನೋಡಿಕೊಳ್ಳಿ.

(ಈ ಒಂದು ವಿಷಯದಲ್ಲಿ ಫಿಸಿಯೋ ಮೇಡಂ ನನ್ನನ್ನು ತಿದ್ದಲಾರರು ಎಂದುಕೊಂಡಿದ್ದೇನೆ.)

ಮೈಸೂರು_ಫಿಸಿಯೋ (ಶುಕ್ರವಾರ, ಸಂಜೆ 6:10)

ತಿದ್ದುವುದಿಲ್ಲ.

ಶಟಲ್_ಶಿವಮೊಗ್ಗ (ಏಳು ವಾರಗಳ ನಂತರ, ಭಾನುವಾರ, ಬೆಳಿಗ್ಗೆ 10:30)

ಕೆಲವರು ಖಾಸಗಿಯಾಗಿ ಕೇಳಿದ್ದರಿಂದ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ವಾರ ನೆಟ್ಟಗೆ ನಿಂತು ಕುಸಿಯುವ ಅಭ್ಯಾಸ ಮಾಡುವಾಗ ಮಗ ‘ಅಪ್ಪಾ, ನೀನು ಯಾರಿಗೆ ಹೆದರಿದೆ’ ಎಂದು ಕೇಳಿದ. ಅದು ಬಿಟ್ಟರೆ ತೊಂದರೆಯಾಗಲಿಲ್ಲ. ಜಿಮ್‌ನಲ್ಲಿ 30 ಸೆಂ.ಮೀ. ಪೆಟ್ಟಿಗೆ ಇರಲಿಲ್ಲ, ಏರೋಬಿಕ್ಸ್‌ನ ಹಲಗೆಯನ್ನು ಕಾಲುಗಳ ಮೇಲೆ ಏರಿಸಿಕೊಟ್ಟರು, 25 ಆಯಿತು. ಮೂರನೆಯ ವಾರ ಅದರ ಮೇಲೆ. ಅಕ್ಕಪಕ್ಕದವರು 75ರ ಪೆಟ್ಟಿಗೆ ಹತ್ತುತ್ತಿರುವಾಗ ನಾನು ಇಷ್ಟು ತಗ್ಗಿನದರ ಮೇಲೆ ಹಾರುವುದು ಮೊದಲೆರಡು ದಿನ ಮುಜುಗರವಾಯಿತು. ಆಮೇಲೆ ಗಮನಿಸಿದೆ, ತಗ್ಗಿದ್ದಾಗ ಹಾರುವುದರಲ್ಲಿ ಕಳ್ಳತನ ಮಾಡಲು ಬರುವುದಿಲ್ಲ. ಪೂರ್ತಿ ಬಲ ಹಾಕಿ ಮೇಲೇರಿದರೆ ಹಲಗೆಯ ಮೇಲೆ ಗಾಳಿಯಲ್ಲಿ ಒಂದು ಕ್ಷಣ ಬಿಡುವು ಸಿಗುತ್ತದೆ, ಕಾಲು ಚಾಚಿ ಇಳಿಯಬಹುದು. ವಿಡಿಯೊದಲ್ಲಿ ಹೊರಟ ಭಂಗಿ, ಇಳಿದ ಭಂಗಿ ಎರಡೂ ಈಗ ಹೆಚ್ಚುಕಡಿಮೆ ಒಂದೇ. ಐದನೆಯ ವಾರ 40ಕ್ಕೆ ಹೋಗಿ ನೋಡಿದೆ, ಮತ್ತೆ ಕುಕ್ಕರಗಾಲು. ವಾಪಸ್ ಬಂದೆ.

ನಡುವೆ ಒಂದು ಎಡವಟ್ಟು. ನಾಲ್ಕನೆಯ ವಾರ ಕ್ಲಬ್ಬಿನ ಪಂದ್ಯಾವಳಿಯಲ್ಲಿ ಎರಡು ದಿನ ಸತತ ಆಡಿ, ಮೂರನೆಯ ದಿನವೂ ಲೆಕ್ಕ ತಪ್ಪಬಾರದೆಂದು 20 ನೆಗೆತ ಮಾಡಿದೆ. ಮರುದಿನ ಮೆಟ್ಟಿಲಲ್ಲಿ ನೋವು ಎರಡರಿಂದ ಐದಕ್ಕೆ ಹೋಯಿತು. ಒಂದು ವಾರ ನೆಗೆತ ಬಿಟ್ಟು ನಿಧಾನದ ಸ್ಕ್ವಾಟ್ ಮಾತ್ರ ಮಾಡಿದೆ, ಇಳಿಯಿತು. ಈಗ ಹೆಚ್ಚಿನ ಬೆಳಿಗ್ಗೆ ಒಂದು ಅಥವಾ ಸೊನ್ನೆ.

ಗೋಡೆಯ ಗುರುತು 253. ಎರಡು ಸೆಂ.ಮೀ. ಹೆಚ್ಚು. ಅದು ನೆಗೆತವೋ, ಸುಣ್ಣ ಹಚ್ಚಿದ ಬೆರಳು ಸ್ವಲ್ಪ ಹೆಚ್ಚು ಚಾಚಿದ್ದೋ ದೇವರಿಗೇ ಗೊತ್ತು. ಸ್ಮ್ಯಾಷ್ ಹೊಡೆಯುವಾಗ ಕಾಲು ನೆಲ ಬಿಡುತ್ತದೆಯೇ ಎಂಬ ಬಗ್ಗೆ ಜೊತೆಯವರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಏಳರ_ಬ್ಯಾಚ್ (ಭಾನುವಾರ, ಬೆಳಿಗ್ಗೆ 11:15)

ಏಳು ವಾರಕ್ಕೆ ಎರಡು ಸೆಂ.ಮೀ. ಪುಟಿತ ಸೇರಿಸದೆ ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂಬ ನನ್ನ ಮಾತಿಗೆ ನಾನು ಈಗಲೂ ಬದ್ಧ.

ಮೈಸೂರು_ಫಿಸಿಯೋ (ಭಾನುವಾರ, ಮಧ್ಯಾಹ್ನ 12:05)

ಎತ್ತರದ ಮಟ್ಟಿಗೆ ನಿಮ್ಮ ಮಾತು ನಿಜವಿರಬಹುದು. ಅವರಿಗೆ ಸಣ್ಣ ಪುಟಿತಗಳನ್ನು, ಹಗ್ಗದಾಟದಷ್ಟು ಎತ್ತರದವು, ಮುಂದಿನ ತಿಂಗಳು ಸೇರಿಸಬೇಕು ಎಂದೇ ಇದ್ದೇನೆ. 60ರ ಮೇಲಿಂದ ಮಾತ್ರ ಅಲ್ಲ.

ಶಟಲ್ ಅವರೇ, ಒಂಟಿಕಾಲಿನ ಇಳಿತ ಶುರು ಮಾಡಿದಿರಾ? ಎದುರಿನಿಂದ ತೆಗೆದ ವಿಡಿಯೊದಲ್ಲಿ ಮಂಡಿ ಒಳಕ್ಕೆ ವಾಲುತ್ತಿದೆಯೇ?

ಶಟಲ್_ಶಿವಮೊಗ್ಗ (ಭಾನುವಾರ, ಮಧ್ಯಾಹ್ನ 12:40)

ಶುರು ಮಾಡಿ ಹತ್ತು ದಿನವಾಯಿತು. ಮೆಟ್ಟಿಲಿನ ಕೊನೆಯ ಹಂತದಿಂದ, ದಿನ ಬಿಟ್ಟು ದಿನ, ಕಾಲಿಗೆ ಆರು. ಬಲ ಸಲೀಸು. ಎಡ ಮಂಡಿ ಆರರಲ್ಲಿ ಮೂರು ಸಲ ಒಳಕ್ಕೆ ವಾಲುತ್ತದೆ. ಇದರರ್ಥ ನಾಳೆ ಎಸಿಎಲ್ ಹರಿಯುತ್ತದೆ ಎಂದೇ? ರಾತ್ರಿ ಇದನ್ನೇ ಯೋಚಿಸಿ ನಿದ್ದೆಗೆಟ್ಟೆ.

ವಿಡಿಯೊ ಬೇಕಾಗಿಯೂ ಇರಲಿಲ್ಲ. ಮೆಟ್ಟಿಲಿನ ಕೆಳಗಿನ ಮನೆಯ ಅಜ್ಜಿ ನಿನ್ನೆ ಕಿಟಕಿಯಿಂದ ‘ಈಗಿನದ್ದು ಎಡಗಾಲಲ್ಲವೇನಪ್ಪ’ ಎಂದರು. ಬಲಗಾಲಿನದ್ದು ಅವರಿಗೆ ಕೇಳಿಸುವುದೇ ಇಲ್ಲವಂತೆ.

ಮೈಸೂರು_ಫಿಸಿಯೋ (ಭಾನುವಾರ, ಮಧ್ಯಾಹ್ನ 1:15)

ನಿದ್ದೆ ಮಾಡಿ. ಹಾಗೆ ವಾಲುವುದರಿಂದ ಮುಂದಿನ ಪೆಟ್ಟನ್ನು ಊಹಿಸಬಹುದೇ ಎಂಬುದರಲ್ಲಿ ನಮ್ಮವರಲ್ಲೇ ಒಮ್ಮತವಿಲ್ಲ. ಕೆಲವು ಅಧ್ಯಯನಗಳು ಹೌದೆಂದವು, ಆಮೇಲಿನ ಕೆಲವು ಇಲ್ಲವೆಂದವು. ನಿಮ್ಮ ವಿಷಯದಲ್ಲಿ ನಾನು ಓದುವುದು ಇಷ್ಟೇ: ನೋವಿದ್ದ ಕಾಲು ಇನ್ನೂ ಸೋತಿದೆ. ಆ ಕಾಲಿನ ಮೆಟ್ಟಿಲು ಪರೀಕ್ಷೆಯನ್ನೇ ವ್ಯಾಯಾಮ ಮಾಡಿಕೊಳ್ಳಿ, ಎಂಟರಂತೆ ಮೂರು ಸುತ್ತು, ಕೈಯಲ್ಲಿ ಐದು ಕಿಲೋ ಹಿಡಿದು.

ಅಜ್ಜಿಗೆ ಎಡ ಯಾವುದು, ಬಲ ಯಾವುದು ಎಂದು ತಿಳಿಯದಂತಾಗುವವರೆಗೆ ಆ ಮೆಟ್ಟಿಲಿಗಿಂತ ಮೇಲೆ ಹೋಗಬೇಡಿ.